ಕೇಳಿದ್ದೊಂದು, ಹೋಗಿದ್ದೊಂದು: ತಪ್ಪು ಸಾಮಾನು ತಲುಪಿದ ಗ್ರಾಹಕರಿಗೆ ಉತ್ತರ ಬರೆಯುವ ಸಮಗ್ರ ಮಾರ್ಗದರ್ಶಿ

ತಪ್ಪು ಸಾಮಾನು ಕೈಗೆ ಬಂದವರು ನಮ್ಮಿಂದ ಮೂರು ವಿಷಯ ತಿಳಿಯಲು ಕಾಯುತ್ತಿರುತ್ತಾರೆ. ತಪ್ಪು ತಮ್ಮದು ಅಂತ ಇವರು ಒಪ್ಪುತ್ತಾರಾ? ಈಗ ಏನು ಮಾಡುತ್ತಾರೆ? ಅದು ಯಾವತ್ತು ಆಗುತ್ತೆ? ನಾವು ಬರೆಯುವ ಉತ್ತರದಲ್ಲಿ ಈ ಮೂರೂ ಇರಬೇಕು. ಬಹಳ ಜನ ಮೊದಲನೆಯದನ್ನು ಉದ್ದಕ್ಕೆ ಬರೆದು, ಎರಡನೆಯದನ್ನು ಅರ್ಧ ಹೇಳಿ, ಮೂರನೆಯದನ್ನು "ಆದಷ್ಟು ಬೇಗ" ಅಂತ ಮುಗಿಸಿಬಿಡುತ್ತಾರೆ. ಜಗಳ ಹುಟ್ಟುವುದೇ ಅಲ್ಲಿಂದ.

ಸುಮ್ನೆ ನಿಯಮ ಹೇಳುತ್ತಾ ಹೋಗುವ ಬದಲು ಒಂದೇ ಒಂದು ಪ್ರಕರಣ ಹಿಡಿದು ಕೊನೆಯವರೆಗೂ ನೋಡೋಣ. ತಿಪಟೂರಿನ ಒಂದು ಸಣ್ಣ ಅಂಗಡಿ. ಉಂಡೆ ಕೊಬ್ಬರಿ, ಕೊಬ್ಬರಿ ತುರಿ, ಗಾಣದ ಎಣ್ಣೆ ಮಾರುತ್ತಾರೆ. ವಾಟ್ಸಾಪ್‌ನಲ್ಲೂ ತಮ್ಮದೇ ವೆಬ್‌ಸೈಟಿನಲ್ಲೂ ಆರ್ಡರ್ ತೆಗೆದುಕೊಂಡು ಬೇರೆ ಬೇರೆ ಊರಿಗೆ ಪಾರ್ಸೆಲ್ ಕಳಿಸುತ್ತಾರೆ. ಗ್ರಾಹಕರಿಗೆ ಉತ್ತರ ಬರೆಯುವಾಗ ನಾನು ಅವರ ಜೊತೆ ಕೂರುತ್ತೇನೆ. ಒಂದು ಸೋಮವಾರ ಸಂಜೆ, 9ನೇ ತಾರೀಕು, ಹುಬ್ಬಳ್ಳಿಯಿಂದ ಒಂದು ಮೆಸೇಜ್ ಬಂತು. ಜೊತೆಗೆ ಒಂದು ಫೋಟೋ.

> ನಾವು 3 ಕೆಜಿ ಉಂಡಿ ಕೊಬ್ರಿ ಹೇಳಿದ್ವಿ. ನೀವು ಕೊಬ್ರಿ ತುರಿ ಕಳ್ಸೀರಿ. ಇದನ್ನ ತಗೊಂಡು ನಾವೇನ್ ಮಾಡೋಣ್ರಿ? ರವಿವಾರ ಮಗಳ ಕುಬಸ ಐತಿ, ಉಡಿ ತುಂಬಾಕ ಬೇಕಾಗಿತ್ತು. ನಮ್ಮ ರೊಕ್ಕ ವಾಪಸ್ ಕೊಡ್ರಿ.

ದೂರನ್ನು ಎರಡು ಸಲ ಓದಿ

ಮೊದಲ ಸಲ ಓದಿದಾಗ ನಮಗೆ ಕಾಣುವುದು ಸಿಟ್ಟು ಮಾತ್ರ. ಎರಡನೇ ಸಲ ಓದುವಾಗ ಸಿಟ್ಟು ಬಿಟ್ಟು ಉಳಿದದ್ದನ್ನು ಹುಡುಕಿ. ಈ ನಾಲ್ಕೈದು ಸಾಲಿನಲ್ಲಿ ಬೇಕಾದದ್ದೆಲ್ಲ ಇದೆ. ಏನು ಕೇಳಿದ್ದರು, ಏನು ಬಂತು, ಯಾತಕ್ಕೆ ಬೇಕಿತ್ತು, ಯಾವತ್ತಿಗೆ ಬೇಕಿತ್ತು, ಈಗ ಏನು ಬೇಕು. ಇವುಗಳಲ್ಲಿ ಅತಿ ಮುಖ್ಯವಾದದ್ದು ಭಾನುವಾರ ಅನ್ನುವ ಮಾತು. ಮುಂದಿನ ಎಲ್ಲ ತೀರ್ಮಾನವೂ ಆ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ನಮ್ಮ ಅಂಗಡಿಯ ಅನುಕೂಲದಿಂದ ಮುಂದಕ್ಕೆ ಎಣಿಸಿದರೆ ಲೆಕ್ಕ ತಪ್ಪುತ್ತೆ.

ಯಾತಕ್ಕೆ ಬೇಕು ಅನ್ನುವುದೂ ಅಷ್ಟೇ ಮುಖ್ಯ. ಕುಬಸ ಅಂದರೆ ಆ ಕಡೆಯ ಸೀಮಂತ, ಉಡಿ ತುಂಬುವುದು ಅಂದರೆ ಮಡಿಲು ತುಂಬುವುದು. ಉಡಿ ತುಂಬಲು ಕೊಬ್ಬರಿ ಬಟ್ಟಲು ಬೇಕು, ಉಂಡೆ ಒಡೆದರೆ ಎರಡು ಬಟ್ಟಲಾಗುತ್ತೆ. ತುರಿಯಿಂದ ಆ ಕೆಲಸ ಆಗುವುದಿಲ್ಲ. ಅಂಗಡಿಯವರ ಬಾಯಿಗೆ ಮೊದಲು ಬಂದ ಮಾತು "ಅದೂ ಕೊಬ್ಬರಿನೇ ಅಲ್ವಾ, ರೇಟೂ ಜಾಸ್ತಿ, ಅವರಿಗೇನು ನಷ್ಟ?" ಅಂತ. ಈ ಮಾತು ಉತ್ತರದೊಳಗೆ ಯಾವ ರೂಪದಲ್ಲೂ ನುಸುಳಬಾರದು. ದುಬಾರಿ ಸಾಮಾನು ಹೋಗಿರಬಹುದು, ಆದರೆ ಅವರ ಮನೆಯ ಕೆಲಸಕ್ಕೆ ಅದರ ಬೆಲೆ ಸೊನ್ನೆ. ಸ್ವಲ್ಪ ರಿಯಾಯಿತಿ ಕೊಟ್ಟು ತುರಿಯನ್ನೇ ಇಟ್ಟುಕೊಳ್ಳಿ ಅನ್ನುವ ದಾರಿಯೂ ಇಲ್ಲಿ ಮುಚ್ಚಿದ ಹಾಗೆ. ಮನೆಯ ಅಡುಗೆಗೆ ಒಂದು ಕಂಪನಿಯ ಬದಲು ಇನ್ನೊಂದು ಹೋಗಿದ್ದರೆ ಆ ಮಾತು ಬೇರೆ.

ಮೊದಲ ಉತ್ತರ: ಚಿಕ್ಕದು, ತಕ್ಷಣ

ಎರಡು ಉತ್ತರ ಬರೆಯಬೇಕು. ಒಂದು ಈಗಲೇ, ಇನ್ನೊಂದು ವಿಚಾರಿಸಿದ ಮೇಲೆ. ಎರಡನ್ನೂ ಸೇರಿಸಲು ಹೋದರೆ ಒಂದೋ ವಿಚಾರಿಸದೆ ಮಾತು ಕೊಟ್ಟು ಸಿಕ್ಕಿಬೀಳುತ್ತೇವೆ, ಇಲ್ಲವೇ ವಿಚಾರಿಸುತ್ತಾ ಕೂತು ಅವರನ್ನು ಒಂದು ಇಡೀ ದಿನ ಕಾಯಿಸುತ್ತೇವೆ. ಸೋಮವಾರ ರಾತ್ರಿ ಅಂಗಡಿ ಮುಚ್ಚುವ ಮೊದಲೇ ಹೋದ ಮೊದಲ ಉತ್ತರ ಇದು.

> ನಮಸ್ಕಾರ ಮೇಡಂ. ನಿಮ್ಮ ಮೆಸೇಜ್, ಫೋಟೋ ಎರಡೂ ನೋಡಿದೆ. ನೀವು ಕೇಳಿದ್ದು ಉಂಡೆ ಕೊಬ್ಬರಿ, ನಿಮಗೆ ಬಂದಿರುವುದು ತುರಿ. ತಪ್ಪು ನಮ್ಮದು, ಕ್ಷಮಿಸಿ. ಭಾನುವಾರದ ಕುಬಸಕ್ಕೆ ಬೇಕು ಅನ್ನುವುದು ತಿಳಿಯಿತು. ಇದು ಹೇಗಾಯಿತು ಅಂತ ನೋಡಿ, ನಾಳೆ ಮಂಗಳವಾರ ಬೆಳಗ್ಗೆ 11 ಗಂಟೆಯೊಳಗೆ ಏನು ಮಾಡುತ್ತೇವೆ ಅಂತ ತಿಳಿಸುತ್ತೇನೆ. ಅಷ್ಟರಲ್ಲಿ ಎರಡು ಫೋಟೋ ಕಳಿಸಲು ಆಗುತ್ತಾ? ಡಬ್ಬದ ಮೇಲಿರುವ ಅಡ್ರೆಸ್ ಚೀಟಿಯದು ಒಂದು, ಡಬ್ಬದ ಒಳಗಿರುವ ಬಿಲ್ಲಿನದು ಇನ್ನೊಂದು. ತುರಿ ಪ್ಯಾಕೆಟ್‌ಗಳು ಸದ್ಯಕ್ಕೆ ಹಾಗೇ ಇರಲಿ.

ಇದರಲ್ಲಿ ಪರಿಹಾರ ಏನೂ ಹೇಳಿಲ್ಲ, ಗಮನಿಸಿ. ಆದರೆ ಯಾವಾಗ ಹೇಳುತ್ತೇವೆ ಅನ್ನುವುದಕ್ಕೆ ಗಂಟೆ ಹಾಕಿದೆ. ಅವರ ಮಾತನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಿದೆ, ಓದಿದ್ದಾರೆ ಅಂತ ಅವರಿಗೆ ಗೊತ್ತಾಗುವುದು ಅದರಿಂದಲೇ. ತಪ್ಪು ನಮ್ಮದು ಅಂತ ಇಷ್ಟು ಬೇಗ ಒಪ್ಪಬಹುದಾ ಅಂತ ಕೆಲವರು ಕೇಳುತ್ತಾರೆ. ಆರ್ಡರ್ ತೆಗೆದು ನೋಡಿದರೆ ಉಂಡೆ ಅಂತಲೇ ಇದೆ, ಫೋಟೋದಲ್ಲಿ ನಮ್ಮದೇ ತುರಿ ಪ್ಯಾಕೆಟ್ ಕಾಣುತ್ತಿದೆ. ಇಷ್ಟು ಸಾಕು, ಇದಕ್ಕಿಂತ ಜಾಸ್ತಿ ಸಾಕ್ಷಿಗೆ ಕಾಯಬೇಡಿ. ಆರ್ಡರಿನಲ್ಲೇ ತುರಿ ಅಂತ ಇದ್ದರೆ ಮಾತ್ರ ಬೇರೆ ರೀತಿ ಬರೆಯಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಡಬ್ಬ ಬಿಚ್ಚುವಾಗಿನ ವಿಡಿಯೋ ಇದ್ದರೆ ಮಾತ್ರ ದೂರು ತಗೋತೀವಿ ಅನ್ನುವ ಅಂಗಡಿಗಳು ತುಂಬಾ ಇವೆ. ನನಗೆ ಇದು ಸರಿ ಕಾಣುವುದಿಲ್ಲ. 3 ಕೆಜಿ ಕೊಬ್ಬರಿ ತರಿಸಿಕೊಂಡವರು ಯಾಕೆ ವಿಡಿಯೋ ಮಾಡುತ್ತಾರೆ? ಅದನ್ನು ಕೇಳಿದ ಕೂಡಲೇ ನಿಮ್ಮನ್ನು ನಂಬುವುದಿಲ್ಲ ಅಂತ ಹೇಳಿದ ಹಾಗಾಗುತ್ತೆ. ಅದರ ಬದಲು ನಾವು ಕೇಳಿದ ಎರಡು ಫೋಟೋ ನಿಜವಾಗಿ ಉಪಯೋಗಕ್ಕೆ ಬರುತ್ತವೆ.

ಸರಿಯಾದ ಸಾಮಾನು ಎಲ್ಲಿಗೆ ಹೋಯಿತು?

ಉತ್ತರ ಬರೆಯುವ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಹೆಚ್ಚಿನವರು ಬಿಡುವುದು ಇದನ್ನೇ. ಅವರಿಗೆ ತುರಿ ಹೋಗಿದೆ ಅಂದರೆ ಆ ತುರಿ ಯಾರಿಗೋ ಹೋಗಬೇಕಿತ್ತು. ಅವರಿಗೆ ಹೋಗಬೇಕಿದ್ದ ಉಂಡೆ ಬೇರೆ ಯಾರದೋ ಮನೆಯಲ್ಲಿ ಕೂತಿರಬಹುದು. ಅಂದರೆ ಒಂದು ದೂರು ಬಂತು ಅಂದರೆ ಇನ್ನೊಂದು ದಾರಿಯಲ್ಲಿದೆ ಅಂತ ತಿಳಿದುಕೊಂಡೇ ಹುಡುಕಬೇಕು.

ಇದನ್ನು ಪತ್ತೆ ಮಾಡಲು ಆ ಎರಡು ಫೋಟೋ. ಡಬ್ಬದ ಮೇಲೆ ಹುಬ್ಬಳ್ಳಿಯ ಮೇಡಂ ಹೆಸರು, ಒಳಗೆ ಅವರದೇ ಬಿಲ್ಲು, ಆದರೆ ಸಾಮಾನು ಬೇರೆ ಅಂತಾದರೆ, ಗೋದಾಮಿನಲ್ಲಿ ಸಾಮಾನು ತೆಗೆಯುವಾಗಲೇ ತಪ್ಪಾಗಿದೆ. ಆಗ ಬೇರೆ ಗ್ರಾಹಕರಿಗೆ ತೊಂದರೆ ಆಗಿಲ್ಲ, ಉಂಡೆ ನಮ್ಮಲ್ಲೇ ಇದೆ. ಡಬ್ಬದ ಮೇಲೆ ಅವರ ಹೆಸರು, ಒಳಗೆ ಬೇರೆಯವರ ಬಿಲ್ಲು ಅಂತಾದರೆ ಅಡ್ರೆಸ್ ಚೀಟಿ ಅದಲು ಬದಲಾಗಿದೆ. ಇಲ್ಲಿ ಆಗಿದ್ದು ಇದೇ. ಒಳಗಿದ್ದ ಬಿಲ್ಲು ದಾವಣಗೆರೆಯ ಒಂದು ಸಿಹಿತಿಂಡಿ ಅಂಗಡಿಯದು, 3 ಕೆಜಿ ತುರಿ. ಎರಡೂ ಪಾರ್ಸೆಲ್ 3 ಕೆಜಿ, ಡಬ್ಬದ ಅಳತೆಯೂ ಒಂದೇ, ಪ್ಯಾಕ್ ಆಗಿದ್ದೂ ಒಂದೇ ಮಧ್ಯಾಹ್ನ. ತೂಕ ಒಂದೇ ಇದ್ದದ್ದರಿಂದ ಕಳಿಸುವ ಕೌಂಟರಿನಲ್ಲೂ ವ್ಯತ್ಯಾಸ ಗೊತ್ತಾಗಲಿಲ್ಲ. ತೂಕ ಬೇರೆ ಬೇರೆ ಇದ್ದಿದ್ದರೆ ರಸೀದಿ ನೋಡಿಯೇ ಪತ್ತೆ ಮಾಡಬಹುದಿತ್ತು.

ಬಿಲ್ಲಿನ ಮೇಲೆ ದಾವಣಗೆರೆಯವರ ಹೆಸರು, ಫೋನ್ ನಂಬರ್ ಇದೆ. ಅದು ಈಗ ಹುಬ್ಬಳ್ಳಿಯ ಮನೆಯಲ್ಲಿದೆ. ಆ ಬಿಲ್ಲನ್ನು ಹರಿದು ಹಾಕಿ ಅಂತ ಉತ್ತರದಲ್ಲಿ ಒಂದು ಸಾಲು ಸೇರಿಸಬೇಕು. ನೀವೇ ಪರಸ್ಪರ ಮಾತಾಡಿಕೊಂಡು ಬದಲಾಯಿಸಿಕೊಳ್ಳಿ ಅಂತ ಒಬ್ಬರ ನಂಬರ್ ಇನ್ನೊಬ್ಬರಿಗೆ ಕೊಡುವುದಂತೂ ಬೇಡವೇ ಬೇಡ.

ಈ ಹಂತದಲ್ಲಿ ಒಂದು ಆಸೆ ಬರುತ್ತೆ. ದಾವಣಗೆರೆ ಹುಬ್ಬಳ್ಳಿಗೆ ತಿಪಟೂರಿಗಿಂತ ಹತ್ತಿರ, ಆ ಉಂಡೆಯನ್ನು ಅಲ್ಲಿಂದಲೇ ಕಳಿಸಿಬಿಟ್ಟರೆ ಒಂದು ಸಾಗಾಣಿಕೆ ಖರ್ಚು ಉಳಿಯುತ್ತಲ್ಲಾ ಅಂತ. ಹಾಗೆ ಮಾಡಬೇಡಿ. ಅವರು ಯಾವಾಗ ಡಬ್ಬ ಹುಡುಕುತ್ತಾರೋ, ಹೇಗೆ ಪ್ಯಾಕ್ ಮಾಡುತ್ತಾರೋ, ಯಾವತ್ತು ಕೊಡುತ್ತಾರೋ ಒಂದೂ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿಲ್ಲದ ಕೆಲಸಕ್ಕೆ ತಾರೀಕು ಕೊಡಲು ಆಗುವುದಿಲ್ಲ. ತಪ್ಪು ಹೋದದ್ದು ವಾಪಸ್ ಬಂದ ಮೇಲೆ ಸರಿಯಾದದ್ದು ಕಳಿಸುತ್ತೇವೆ ಅನ್ನುವುದಕ್ಕೂ ಇದೇ ಮಾತು ಅನ್ವಯಿಸುತ್ತೆ. ಹೊಸದನ್ನು ನಮ್ಮ ದಾಸ್ತಾನಿನಿಂದ ಕಳಿಸಿ. ಹಳೆಯದು ತನ್ನ ಪಾಡಿಗೆ ಬರಲಿ.

ಪರಿಹಾರ ತೀರ್ಮಾನಿಸುವುದು

ಮೇಡಂ ಕೇಳಿದ್ದು ದುಡ್ಡು ವಾಪಸ್. ಅಂಗಡಿಯವರಿಗೆ ಇಷ್ಟ ಇದ್ದದ್ದು ಉಂಡೆ ಕಳಿಸಿ ಮುಗಿಸುವುದು. ಎರಡೂ ಅವರ ಮುಂದೆ ಇಡಬೇಕು, ಆಯ್ಕೆ ಅವರದು. ಅವರು ಸಿಟ್ಟಿನಲ್ಲಿ ದುಡ್ಡು ಕೇಳಿರಬಹುದು, ನಿಜವಾಗಿ ಬೇಕಾಗಿರುವುದು ಭಾನುವಾರಕ್ಕೆ ಕೊಬ್ಬರಿ ಇರಬಹುದು. ಆದರೆ ಅದನ್ನು ನಾವೇ ಊಹಿಸಿಕೊಂಡು ದುಡ್ಡಿನ ಮಾತನ್ನು ನುಂಗಿಬಿಟ್ಟರೆ ಅವರಿಗೆ ಅದು ಮೋಸದ ಹಾಗೆ ಕಾಣುತ್ತೆ.

ಇಲ್ಲಿ ಕಾನೂನೂ ಅವರ ಪರ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ಹೇಳಿದ ಸಾಮಾನಿಗೂ ಕಳಿಸಿದ ಸಾಮಾನಿಗೂ ಹೊಂದಿಕೆ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಅನ್ನುವ ಹಾಗಿಲ್ಲ. ದೂರು ಬಂದ 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತಲೂ ಇದೆ. "ಮಾರಿದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ್ದರೂ ಇಂಥ ಪ್ರಕರಣದಲ್ಲಿ ಅದು ನಿಲ್ಲುವುದಿಲ್ಲ. ಗ್ರಾಹಕರು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಬಹುದು. ಆ ಒಂದು ತಿಂಗಳು ಕಾನೂನಿನ ಕೊನೆಯ ಗಡುವು ಅಷ್ಟೇ. ಭಾನುವಾರ ಕುಬಸ ಇಟ್ಟುಕೊಂಡವರಿಗೆ ಅದರಿಂದ ಏನೂ ಉಪಯೋಗ ಇಲ್ಲ, ಉತ್ತರದಲ್ಲಿ ಅದನ್ನು ಎತ್ತಲೇಬೇಡಿ.

ಇನ್ನು ತಪ್ಪು ಹೋದ ತುರಿ. ಅದನ್ನು ವಾಪಸ್ ತರಿಸಬೇಕಾ? ಇದಕ್ಕೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಪ್ಯಾಕೆಟ್ ಒಡೆಯದೆ ಇದೆಯಾ? ಬಂದರೆ ಮತ್ತೆ ಮಾರಲು ಯೋಗ್ಯವಾ? ತರಿಸುವ ಖರ್ಚು ಅದರ ಬೆಲೆಗೆ ಹೋಲಿಸಿದರೆ ಎಷ್ಟು? ಮೇಡಂ ಒಂದು ಪ್ಯಾಕೆಟ್ ಒಡೆದು ನೋಡಿದ್ದರು, ಇನ್ನೆರಡು ಹಾಗೇ ಇದ್ದವು. ತಿನ್ನುವ ಸಾಮಾನು ಒಡೆದಿದ್ದರೆ ಅದು ವಾಪಸ್ ಬಂದು ಪ್ರಯೋಜನ ಇಲ್ಲ, ಯಾರಿಗೂ ಮಾರಬಾರದು. ಹಾಗಾಗಿ ಒಡೆದದ್ದು ಅವರಲ್ಲೇ ಇರಲಿ, ಅದಕ್ಕೆ ದುಡ್ಡು ಬೇಡ. ಉಳಿದ ಎರಡನ್ನು ಕೊರಿಯರ್‌ನವರನ್ನು ಮನೆಗೇ ಕಳಿಸಿ ತರಿಸುವುದು, ಖರ್ಚು ನಮ್ಮದು. ಒಂದೇ ಒಂದು ಪ್ಯಾಕೆಟ್ ಹೋಗಿದ್ದಿದ್ದರೆ ಪೂರ್ತಿ ಅವರಿಗೇ ಬಿಡಿ ಅಂತಿದ್ದೆ, ತರಿಸುವ ಖರ್ಚಿನಲ್ಲೇ ಅದರ ಲಾಭ ಹೋಗಿರುತ್ತೆ.

ತರಿಸುವ ದಿನವನ್ನೂ ಯೋಚಿಸಿ ಇಡಬೇಕು. ಮನೆಯಲ್ಲಿ ಕುಬಸ ಇರುವ ವಾರ ಕೊರಿಯರ್ ಹುಡುಗ ಬಾಗಿಲು ತಟ್ಟುವುದು, ಅವರು ಡಬ್ಬ ಕಟ್ಟಿಕೊಂಡು ಕಾಯುವುದು ಸರಿಯಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸಾಕು. ಅವರೇ ಪೋಸ್ಟ್ ಆಫೀಸಿಗೆ ಹೋಗಿ ಕಳಿಸಲಿ, ಆಮೇಲೆ ಖರ್ಚು ಕೊಡೋಣ ಅನ್ನುವುದೂ ಬೇಡ. ನಮ್ಮ ತಪ್ಪಿಗೆ ಅವರು ಸರದಿಯಲ್ಲಿ ನಿಲ್ಲುವ ಹಾಗಾಗುತ್ತೆ.

ತಾರೀಕು ಹಾಕುವ ಲೆಕ್ಕ

ಕಾರ್ಯಕ್ರಮ ಭಾನುವಾರ 15. ಉಡಿ ಸಾಮಾನು ಹಿಂದಿನ ದಿನವೇ ಜೋಡಿಸಿಕೊಳ್ಳುತ್ತಾರೆ, ಹಾಗಾಗಿ ಅವರ ನಿಜವಾದ ಗಡುವು ಶನಿವಾರ ಬೆಳಗ್ಗೆ. ಕೊಬ್ಬರಿ ನಮ್ಮಿಂದ ಬರಲಿಲ್ಲ ಅಂದರೆ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಕೊಳ್ಳಲು ಅವರಿಗೆ ಒಂದು ದಿನ ಬೇಕು, ಅದು ಶುಕ್ರವಾರ. ಅಂದರೆ ಬರುತ್ತೋ ಇಲ್ಲವೋ ಅನ್ನುವುದು ಗುರುವಾರ ಸಂಜೆಯೊಳಗೆ ಅವರಿಗೆ ಗೊತ್ತಾಗಬೇಕು. ಇದು ಹಿಂದಕ್ಕೆ ಎಣಿಸುವ ಕ್ರಮ.

ಈಗ ನಮ್ಮ ಕಡೆಯಿಂದ. ಮಂಗಳವಾರ ಮಧ್ಯಾಹ್ನ 3ರೊಳಗೆ ಸ್ಪೀಡ್ ಪೋಸ್ಟ್‌ಗೆ ಕೊಟ್ಟರೆ ಆವತ್ತೇ ಊರು ಬಿಡುತ್ತೆ. ಈ ಅಂಗಡಿಯಿಂದ ಹುಬ್ಬಳ್ಳಿಗೆ ಹೋದ ಹಿಂದಿನ ಪಾರ್ಸೆಲ್‌ಗಳು ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಮುಟ್ಟಿದ್ದವು. ಹಾಗಾದರೆ ಗುರುವಾರ ಇಲ್ಲವೇ ಶುಕ್ರವಾರ. ಬರೆಯುವಾಗ ಯಾವಾಗಲೂ ಕೊನೆಯ ದಿನವನ್ನೇ ಬರೆಯಿರಿ. ಗುರುವಾರ ಅಂತ ಬರೆದು ಶುಕ್ರವಾರ ಮುಟ್ಟಿದರೆ ಎರಡನೇ ಸಲ ಮಾತು ತಪ್ಪಿದ ಹಾಗೆ, ಶುಕ್ರವಾರ ಅಂತ ಬರೆದು ಗುರುವಾರ ಮುಟ್ಟಿದರೆ ಯಾರೂ ದೂರುವುದಿಲ್ಲ.

ಇನ್ನೊಂದು ಮಾತು. ಕಳಿಸುವ ದಿನ ನಮ್ಮ ಕೈಯಲ್ಲಿದೆ, ಮುಟ್ಟುವ ದಿನ ಅಂಚೆಯವರ ಕೈಯಲ್ಲಿದೆ. ಮೊದಲನೆಯದಕ್ಕೆ ಗಟ್ಟಿ ಮಾತು ಕೊಡಿ. ಎರಡನೆಯದಕ್ಕೆ ಅಂದಾಜು ಅಂತ ಹೇಳಿ, ಜೊತೆಗೆ ಆಗದಿದ್ದರೆ ಏನು ಮಾಡುತ್ತೇವೆ ಅಂತಲೂ ಹೇಳಿ. ಈ "ಆಗದಿದ್ದರೆ" ಸಾಲು ಇಲ್ಲದ ಉತ್ತರ ಓದಿದವರು ಮರುದಿನದಿಂದ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾರೆ, ಅವರ ತಪ್ಪಲ್ಲ ಅದು.

ಪೂರ್ತಿ ಉತ್ತರ

ಮಂಗಳವಾರ ಬೆಳಗ್ಗೆ 10:30ಕ್ಕೆ ಹೋದದ್ದು ಇದು. ಹೇಳಿದ್ದು 11, ಅದಕ್ಕೆ ಮೊದಲೇ.

> ನಮಸ್ಕಾರ ಮೇಡಂ,
>
> ಆರ್ಡರ್ 1284. ನೀವು ಕೇಳಿದ್ದು 3 ಕೆಜಿ ಉಂಡೆ ಕೊಬ್ಬರಿ. ಪ್ಯಾಕ್ ಮಾಡುವಾಗ ನಮ್ಮಲ್ಲಿ ಎರಡು ಡಬ್ಬದ ಅಡ್ರೆಸ್ ಚೀಟಿ ಅದಲು ಬದಲಾಗಿ ನಿಮಗೆ ತುರಿ ಬಂದಿದೆ. ಇದು ಪೂರ್ತಿ ನಮ್ಮ ತಪ್ಪು. ಮನೆಯಲ್ಲಿ ಮಗಳ ಕುಬಸ ಇಟ್ಟುಕೊಂಡಿರುವಾಗ ನಿಮಗೆ ಹೀಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳುತ್ತೇವೆ.
>
> ಎರಡು ದಾರಿ ಇದೆ, ನಿಮಗೆ ಯಾವುದು ಬೇಕೋ ಅದು.
>
> ಒಂದು: 3 ಕೆಜಿ ಉಂಡೆ ಕೊಬ್ಬರಿ ಇವತ್ತೇ ಮಧ್ಯಾಹ್ನ 3ರೊಳಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇವೆ. ನೀವು ಏನೂ ಕೊಡಬೇಕಾಗಿಲ್ಲ. ಸಂಜೆ 5ರೊಳಗೆ ಟ್ರ್ಯಾಕಿಂಗ್ ನಂಬರ್ ಕಳಿಸುತ್ತೇನೆ. ಶುಕ್ರವಾರ 13ರೊಳಗೆ ಮುಟ್ಟುವ ಅಂದಾಜು. ಗುರುವಾರ ಸಂಜೆ 6ಕ್ಕೆ ನಾನೇ ಟ್ರ್ಯಾಕಿಂಗ್ ನೋಡುತ್ತೇನೆ. ಅಷ್ಟರಲ್ಲಿ ಹುಬ್ಬಳ್ಳಿ ತಲುಪಿದ್ದು ಕಾಣದಿದ್ದರೆ ಆಗಲೇ ನಿಮಗೆ ತಿಳಿಸಿ, ಅದೇ ರಾತ್ರಿ ಪೂರ್ತಿ ದುಡ್ಡು ವಾಪಸ್ ಹಾಕುತ್ತೇನೆ. ಶುಕ್ರವಾರ ನೀವು ಅಲ್ಲೇ ಕೊಂಡುಕೊಳ್ಳಬಹುದು. ಆಮೇಲೆ ಪಾರ್ಸೆಲ್ ಬಂದರೆ ತೆಗೆದುಕೊಳ್ಳದೆ ವಾಪಸ್ ಕಳಿಸಿ.
>
> ಎರಡು: ಈಗಲೇ ದುಡ್ಡು ಬೇಕು ಅಂದರೆ, ಕೊಬ್ಬರಿಯ 1,050 ಮತ್ತು ಕಳಿಸುವ ಖರ್ಚು 120, ಒಟ್ಟು 1,170 ರೂಪಾಯಿ ನೀವು ಪಾವತಿಸಿದ ಯುಪಿಐಗೇ ಇವತ್ತೇ ಹಾಕುತ್ತೇವೆ.
>
> ಮಧ್ಯಾಹ್ನ 1ರೊಳಗೆ ಯಾವುದು ಅಂತ ತಿಳಿಸಿ. ನೀವು ಕೆಲಸದಲ್ಲಿದ್ದು ಉತ್ತರ ಕೊಡಲು ಆಗದಿದ್ದರೆ, ದಿನ ತಪ್ಪಬಾರದು ಅಂತ ಕೊಬ್ಬರಿ ಕಳಿಸಿರುತ್ತೇವೆ. ಬೇಡ ಅನಿಸಿದರೆ ಆಮೇಲೂ ಹೇಳಬಹುದು, ದುಡ್ಡು ಪೂರ್ತಿ ಕೊಡುತ್ತೇವೆ.
>
> ಒಡೆದ ತುರಿ ಪ್ಯಾಕೆಟ್ ನಿಮ್ಮಲ್ಲೇ ಇರಲಿ, ಅದಕ್ಕೆ ದುಡ್ಡು ಬೇಡ. ಉಳಿದ ಎರಡನ್ನು 17ನೇ ತಾರೀಕು ಮಂಗಳವಾರ ಕೊರಿಯರ್‌ನವರು ಮನೆಗೇ ಬಂದು ತೆಗೆದುಕೊಳ್ಳುತ್ತಾರೆ, ಖರ್ಚು ನಮ್ಮದು. ಆ ದಿನ ಆಗದಿದ್ದರೆ ನಿಮಗೆ ಅನುಕೂಲವಾದ ದಿನ ಹೇಳಿ. ಡಬ್ಬದಲ್ಲಿದ್ದ ಬಿಲ್ಲು ಬೇರೆಯವರದು, ದಯವಿಟ್ಟು ಹರಿದು ಹಾಕಿ.
>
> ಏನೇ ಇದ್ದರೂ ಈ ನಂಬರಿಗೆ ನೇರವಾಗಿ ಫೋನ್ ಮಾಡಿ.

ಕೊನೆಗೆ ಬರೆದವರ ಹೆಸರು ಇರಬೇಕು. ಅಂಗಡಿಯ ಹೆಸರೊಂದೇ ಸಾಲದು. ಫೋನ್ ಮಾಡಿದಾಗ ಯಾರನ್ನು ಕೇಳಬೇಕು ಅಂತ ಅವರಿಗೆ ಗೊತ್ತಿರಬೇಕಲ್ಲ.

ಇದು ಉದ್ದ ಆಯಿತು ಅನಿಸಬಹುದು. ಆದರೆ ತೆಗೆದುಹಾಕಲು ಹೋದರೆ ಯಾವ ಸಾಲು ತೆಗೆದರೂ ಒಂದು ಫೋನ್ ಕರೆ ಜಾಸ್ತಿ ಆಗುತ್ತೆ. ಕ್ಷಮೆ ಮಾತ್ರ ಚಿಕ್ಕದು. ಏನು ತಪ್ಪಾಯಿತು ಅಂತ ಹೆಸರಿಟ್ಟು ಹೇಳಿದೆ, ಅವರಿಗೆ ಆದ ತೊಂದರೆ ಏನು ಅಂತ ಹೇಳಿದೆ, ಅಲ್ಲಿಗೆ ನಿಲ್ಲಿಸಿದೆ. "ನಿಮಗೆ ಅನಾನುಕೂಲ ಆಗಿದ್ದರೆ ವಿಷಾದಿಸುತ್ತೇವೆ" ಅನ್ನುವುದರಲ್ಲಿ ಆ "ಆಗಿದ್ದರೆ" ಇದೆಯಲ್ಲ, ಅದು ಕ್ಷಮೆಯನ್ನೇ ತಿಂದುಹಾಕುತ್ತೆ. ಆಗಿದೆ ಅಂತ ಅವರೇ ಹೇಳಿದ್ದಾರೆ. ಪ್ಯಾಕಿಂಗ್ ಹುಡುಗ ಹೊಸಬ, ಹಬ್ಬದ ಸೀಸನ್, ತುಂಬಾ ಆರ್ಡರ್ ಇತ್ತು ಅನ್ನುವುದೂ ಬೇಡ. ಚೀಟಿ ಅದಲು ಬದಲಾಯಿತು ಅನ್ನುವುದು ಕಾರಣ, ಅದನ್ನು ಒಂದು ಸಾಲಿನಲ್ಲಿ ಹೇಳಬಹುದು. ಹುಡುಗ ಹೊಸಬ ಅನ್ನುವುದು ನೆಪ.

ಮಧ್ಯಾಹ್ನ 1 ಗಂಟೆಯ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಆಯ್ಕೆ ಕೊಟ್ಟು ಸುಮ್ಮನೆ ಕಾದರೆ, ಅವರು ಸಂಜೆ ನೋಡಿ ಕೊಬ್ಬರಿ ಬೇಕು ಅಂದಾಗ ಅಂಚೆ ಹೊರಟುಹೋಗಿರುತ್ತೆ, ಒಂದು ದಿನ ಕೈತಪ್ಪುತ್ತೆ. ಅದಕ್ಕೇ ಉತ್ತರ ಬಾರದಿದ್ದರೆ ನಾವು ಏನು ಮಾಡುತ್ತೇವೆ ಅಂತ ಮೊದಲೇ ಹೇಳಿದ್ದು. ಹಾಗೆ ಮಾಡುವಾಗ ಅವರಿಗೆ ನಷ್ಟ ಆಗದ ದಾರಿಯನ್ನೇ ಆರಿಸಬೇಕು, ಮತ್ತು ದುಡ್ಡಿನ ಬಾಗಿಲು ತೆರೆದೇ ಇರಬೇಕು. ಮೇಡಂ 12ಕ್ಕೇ ಉತ್ತರ ಕೊಟ್ಟರು, "ಕೊಬ್ರಿನ ಕಳಸ್ರಿ, ಆದ್ರ ಶುಕ್ರವಾರ ತಪ್ಪಬಾರ್ದು ನೋಡ್ರಿ" ಅಂತ.

ದಾವಣಗೆರೆಗೆ ಬೇರೆ ಉತ್ತರ

ಸಿಹಿತಿಂಡಿ ಅಂಗಡಿಯವರು ಇನ್ನೂ ದೂರು ಕೊಟ್ಟಿರಲಿಲ್ಲ, ಡಬ್ಬ ಬಿಚ್ಚಿರಲೇ ಇಲ್ಲ. ಇಂಥವರಿಗೆ ಮೆಸೇಜ್ ಸಾಲದು, ಫೋನ್ ಮಾಡಿ. ಮಂಗಳವಾರ ಬೆಳಗ್ಗೆಯೇ ಮಾಡಿದ್ದರಿಂದ ಅವರಿಗೆ ತುರಿ ಯಾವಾಗ ಬೇಕು ಅಂತ ಕೇಳಲು ಆಯಿತು. ಆಮೇಲೆ ಮಾತಾಡಿದ್ದನ್ನೇ ಬರವಣಿಗೆಯಲ್ಲಿ ಹಾಕಿ:

> ಸರ್, ಫೋನಿನಲ್ಲಿ ಹೇಳಿದ ಹಾಗೆ, ನಿಮಗೆ ಬಂದಿರುವ ಡಬ್ಬದಲ್ಲಿ ತುರಿಯ ಬದಲು ಉಂಡೆ ಕೊಬ್ಬರಿ ಇದೆ, ತಪ್ಪು ನಮ್ಮದು, ಕ್ಷಮಿಸಿ. 3 ಕೆಜಿ ತುರಿ ಇವತ್ತೇ ಹೊರಡುತ್ತೆ, ಗುರುವಾರ 12ನೇ ತಾರೀಕಿನೊಳಗೆ ಮುಟ್ಟುವ ಅಂದಾಜು. ಆ ಡಬ್ಬ ಬಿಚ್ಚದೆ ಇಟ್ಟಿರಿ, ಗುರುವಾರವೇ ಕೊರಿಯರ್‌ನವರು ಅಂಗಡಿಗೆ ಬಂದು ತೆಗೆದುಕೊಳ್ಳುತ್ತಾರೆ. ತುರಿ ಗುರುವಾರ ಬಾರದಿದ್ದರೆ ಶುಕ್ರವಾರ ಬೆಳಗ್ಗೆ ದುಡ್ಡು ವಾಪಸ್ ಹಾಕುತ್ತೇವೆ.

ಚಿಕ್ಕದಾಗಿದೆ, ಯಾಕೆಂದರೆ ಅವರಿಗೆ ಸಿಟ್ಟು ಬರುವ ಮೊದಲೇ ವಿಷಯ ಗೊತ್ತಾಯಿತು.

ಉತ್ತರ ಕಳಿಸಿದ ಮೇಲೆ

ಬರೆದ ಪ್ರತಿ ಗಂಟೆಯೂ ಈಗ ಸಾಲ. ಕಾಗದದ ಮೇಲೆ ಇಳಿಸಿಕೊಳ್ಳಿ: ಮಂಗಳವಾರ 3ಕ್ಕೆ ಅಂಚೆ, 5ಕ್ಕೆ ಟ್ರ್ಯಾಕಿಂಗ್, ಗುರುವಾರ 6ಕ್ಕೆ ನೋಡುವುದು, 17ಕ್ಕೆ ಕೊರಿಯರ್. ಈ ಸಲ ಡಬ್ಬ ಮುಚ್ಚುವ ಮೊದಲು ಒಳಗಿನ ಸಾಮಾನು, ಬಿಲ್ಲು, ಅಡ್ರೆಸ್ ಚೀಟಿ ಮೂರೂ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆದು ಮೇಡಂಗೆ ಕಳಿಸಿದರು. ಒಮ್ಮೆ ತಪ್ಪು ಹೋದವರಿಗೆ ಈ ಫೋಟೋ ತುಂಬಾ ಸಮಾಧಾನ ಕೊಡುತ್ತೆ. ಸ್ಪೀಡ್ ಪೋಸ್ಟ್ ನಂಬರ್ 13 ಅಕ್ಷರ ಇರುತ್ತೆ, ಮೊದಲು ಎರಡು ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ IN. ಅದನ್ನು ಟೈಪ್ ಮಾಡಿ ಕಳಿಸಿ. ರಸೀದಿಯ ಮಸುಕು ಫೋಟೋ ಕಳಿಸಿದರೆ ಅವರು ಒಂದೊಂದೇ ಅಂಕಿ ನೋಡಿ ಹೊಡೆಯಬೇಕಾಗುತ್ತೆ.

ದಿನ ತಪ್ಪುವ ಹಾಗೆ ಕಂಡರೆ ತಪ್ಪುವ ಮೊದಲೇ ಹೇಳಿ. ಗುರುವಾರ ಸಂಜೆ ಟ್ರ್ಯಾಕಿಂಗ್ ಹುಬ್ಬಳ್ಳಿ ತೋರಿಸಿತು, ಒಂದು ಸಾಲು ಹೋಯಿತು: "ಮೇಡಂ, ಪಾರ್ಸೆಲ್ ಹುಬ್ಬಳ್ಳಿಗೆ ಬಂದಿದೆ, ನಾಳೆ ಕೊಡುತ್ತಾರೆ." ಒಳ್ಳೆಯ ಸುದ್ದಿ ಇದ್ದಾಗಲೂ ಹೇಳಿದ ಹೊತ್ತಿಗೆ ಹೇಳಬೇಕು, ಇಲ್ಲದಿದ್ದರೆ ಅವರು ಆ ರಾತ್ರಿ ದುಡ್ಡಿಗೆ ಕಾಯುತ್ತಿರುತ್ತಾರೆ.

ದುಡ್ಡು ವಾಪಸ್ ಹಾಕುವ ಸಂದರ್ಭ ಬಂದರೆ "ಹಾಕಿದ್ದೇವೆ" ಅನ್ನುವುದು ಸಾಲದು. ಎಷ್ಟು, ಎಷ್ಟು ಗಂಟೆಗೆ, ಯಾವ ಖಾತೆಗೆ ಅಂತ ಹೇಳಿ, ಯುಪಿಐನ 12 ಅಂಕಿಯ ವಹಿವಾಟು ಸಂಖ್ಯೆಯನ್ನೂ ಕೊಡಿ. ನೇರ ಯುಪಿಐ ಆದರೆ ಸಾಮಾನ್ಯವಾಗಿ ಕೂಡಲೇ ಮುಟ್ಟುತ್ತೆ. ವೆಬ್‌ಸೈಟಿನ ಪಾವತಿ ಸೇವೆಯ ಮೂಲಕ ಕಾರ್ಡಿಗೆ ಹಿಂದಿರುಗಿಸುವುದಾದರೆ ಕೆಲವು ಕೆಲಸದ ದಿನ ಹಿಡಿಯುತ್ತೆ, ಅದನ್ನು ಮೊದಲೇ ಬರೆಯಿರಿ. ಇನ್ನೊಂದು ಸಾಲನ್ನು ತಪ್ಪದೆ ಸೇರಿಸಿ: ದುಡ್ಡು ಪಡೆಯಲು ನೀವು ಪಿನ್ ಹಾಕಬೇಕಾಗಿಲ್ಲ, ಯಾವ ಲಿಂಕನ್ನೂ ಒತ್ತಬೇಕಾಗಿಲ್ಲ, ನಮ್ಮ ಹೆಸರಿನಲ್ಲಿ ಯಾರಾದರೂ ಕೇಳಿದರೆ ಕೊಡಬೇಡಿ. ದುಡ್ಡು ವಾಪಸ್ ಕೊಡುತ್ತೇವೆ ಅಂತ ಫೋನ್ ಮಾಡಿ ಮೋಸ ಮಾಡುವವರು ಇದ್ದಾರೆ. ದುಡ್ಡಿಗೆ ಕಾಯುತ್ತಿರುವವರು ಸುಲಭವಾಗಿ ಅವರ ಕೈಗೆ ಸಿಗುತ್ತಾರೆ.

ಆರ್ಡರಿನಲ್ಲೇ ತಪ್ಪಿದ್ದರೆ

ಗ್ರಾಹಕರೇ ತುರಿ ಒತ್ತಿ, ಉಂಡೆ ಅಂತ ಅಂದುಕೊಂಡಿದ್ದರೆ? ಆಗ ಕ್ಷಮೆಯ ಜಾಗದಲ್ಲಿ ಆರ್ಡರಿನ ಚಿತ್ರ ಹಾಕಿ, ತಪ್ಪು ನಿಮ್ಮದು ಅನ್ನದೆ, ಹೀಗೆ ಬರೆಯಬಹುದು: "ಮೇಡಂ, ನಮಗೆ ಬಂದ ಆರ್ಡರಿನಲ್ಲಿ ತುರಿ ಅಂತ ಇದೆ, ಚಿತ್ರ ಕಳಿಸಿದ್ದೇನೆ, ಒಮ್ಮೆ ನೋಡಿ. ನಿಮಗೆ ಉಂಡೆಯೇ ಬೇಕು ಅಂದರೆ ಬದಲಾಯಿಸಿ ಕೊಡುತ್ತೇವೆ, ಕಳಿಸುವ ಖರ್ಚು 120 ಮಾತ್ರ ನಿಮ್ಮದಾಗುತ್ತೆ." ಒಂದೇ ಸಾಮಾನಿಗೆ ಹೀಗೆ ಮತ್ತೆ ಮತ್ತೆ ಆಗುತ್ತಿದ್ದರೆ ವೆಬ್‌ಸೈಟಿನ ಚಿತ್ರ, ಹೆಸರು ನೋಡಿ. ಈ ಅಂಗಡಿಯಲ್ಲಿ ಎರಡಕ್ಕೂ "ತಿಪಟೂರು ಕೊಬ್ಬರಿ" ಅಂತ ದೊಡ್ಡದಾಗಿ ಬರೆದು, ತುರಿ ಅನ್ನುವುದನ್ನು ಕೆಳಗೆ ಸಣ್ಣದಾಗಿ ಹಾಕಿದ್ದರು. ಅದನ್ನು ಈಗ ತಿದ್ದಿದ್ದಾರೆ.

ಪ್ಯಾಕಿಂಗ್ ಮೇಜಿನ ಮೇಲೂ ಒಂದು ಬದಲಾವಣೆ ಆಗಿದೆ. ಮೊದಲು ಎಲ್ಲ ಡಬ್ಬ ಮುಚ್ಚಿ, ಆಮೇಲೆ ಚೀಟಿಗಳನ್ನು ಸಾಲಾಗಿ ಅಂಟಿಸುತ್ತಿದ್ದರು. ಈಗ ಒಂದು ಡಬ್ಬಕ್ಕೆ ಸಾಮಾನು, ಬಿಲ್ಲು ಹಾಕಿ, ಬಿಲ್ಲಿನ ಆರ್ಡರ್ ನಂಬರನ್ನೂ ಚೀಟಿಯ ನಂಬರನ್ನೂ ಹೋಲಿಸಿ, ಅಂಟಿಸಿ, ಮುಚ್ಚಿದ ಮೇಲೆಯೇ ಮುಂದಿನ ಡಬ್ಬ ತೆಗೆಯುತ್ತಾರೆ.